ಹಂಪೆಯ ವಾರಾಂತ್ಯಕ್ಕೆ ಕೋಣೆ

ಪ್ರಶ್ನೆ: ಬೇಸಿಗೆಯಲ್ಲಿ ಎರಡು ದಿನಗಳ ಮಟ್ಟಿಗೆ ಹಂಪೆಗೆ ಹೋಗುವವರು ಎಲ್ಲಿ ತಂಗಬೇಕು?

ಉತ್ತರ: ರಾತ್ರಿಯ ರೈಲಿನಲ್ಲಿ ಹೊರಟು ಬೆಳಗ್ಗೆ ಹೊಸಪೇಟೆಯಲ್ಲಿ ಇಳಿಯುವವರಿಗೆ ಅಲ್ಲಿಯೇ ಕೋಣೆ ಹಿಡಿಯುವುದು ಸುಲಭವೆನಿಸಿದರೂ, ಹಂಪೆ ಅಲ್ಲಿಂದ ಸುಮಾರು 13 ಕಿಲೋಮೀಟರ್ ದೂರವಿರುವುದರಿಂದ, ಸೂರ್ಯೋದಯಕ್ಕೆ ಮಾತಂಗ ಪರ್ವತವನ್ನೇರಬೇಕೆಂಬ ಅಪೇಕ್ಷೆಯುಳ್ಳವರು ಸಮೀಪದ ಕಮಲಾಪುರದಲ್ಲಿ ತಂಗುವುದೇ ಯುಕ್ತವೆಂದು ನನ್ನ ಅಭಿಪ್ರಾಯ.

ಊರಿಗಿಂತಲೂ ಮುಖ್ಯವಾದುದು ಕೋಣೆಯ ಸ್ಥಾನ. ಹೊಸಪೇಟೆಯ ವಸತಿಗೃಹವೊಂದರಲ್ಲಿ ನಮಗೆ ದೊರೆತದ್ದು ಮೇಲಂತಸ್ತಿನ ಪಶ್ಚಿಮದ ಕೋಣೆ. ಹಾಸಿಗೆ ಶುಭ್ರ, ಸ್ನಾನಗೃಹ ನಿರ್ಮಲ, ಪರಿಚಾರಕರು ವಿನಯಶೀಲರು. ಆದರೆ ಹಗಲೆಲ್ಲ ಕಾದ ಕಾಂಕ್ರೀಟು ತಾರಸಿಯು ಆ ಉಷ್ಣವನ್ನು ಇರುಳಿನಲ್ಲಿ ಮೆಲ್ಲಮೆಲ್ಲನೆ ಒಳಕ್ಕೆ ಬಿಡುತ್ತಿದ್ದುದರಿಂದ, ರಾತ್ರಿ ಒಂಬತ್ತಕ್ಕೂ ಗೋಡೆಯು ಅಂಗೈಗೆ ಬೆಚ್ಚಗೆ ತಾಗುತ್ತಿತ್ತು. ಫ್ಯಾನು ತಿರುಗಿದಷ್ಟೂ ಸೂರಿನಡಿಯ ಬಿಸಿಗಾಳಿಯೇ ಕೆಳಗಿಳಿಯುತ್ತಿತ್ತು. ಕೇಳಿಕೊಂಡ ಮೇಲೆ ಮಧ್ಯದ ಅಂತಸ್ತಿನ ಉತ್ತರದ ಕೋಣೆಯನ್ನು ಅದೇ ಬಾಡಿಗೆಗೆ ಕೊಟ್ಟರು. ಅಲ್ಲಿ ಸುಖನಿದ್ರೆ ಬಂದಿತು.

ಆದುದರಿಂದ ಹಣ ಕೊಡುವ ಮುನ್ನ ಕೋಣೆಯನ್ನು ಕಣ್ಣಾರೆ ನೋಡಿ, ಸಂಜೆಯಾಗಿದ್ದರೆ ಪಶ್ಚಿಮದ ಗೋಡೆಯನ್ನು ಮುಟ್ಟಿರಿ. ಮೇಲೆ ಬರಿಯ ತಾರಸಿಯೋ ಇನ್ನೊಂದು ಅಂತಸ್ತೋ ಎಂದು ವಿಚಾರಿಸಿರಿ. ಜನರೇಟರ್ ಇದೆಯೆಂಬ ಮಾತಿಗೆ ತೃಪ್ತರಾಗದೆ, ವಿದ್ಯುತ್ತು ಹೋದಾಗ ಎ.ಸಿ.ಯೂ ನಡೆಯುವುದೋ, ದೀಪ ಫ್ಯಾನುಗಳು ಮಾತ್ರವೋ ಎಂದು ಸ್ಪಷ್ಟವಾಗಿ ಕೇಳಿರಿ. ಬಸ್‌ ನಿಲ್ದಾಣದತ್ತ ಕಿಟಕಿಯಿರುವ ಕೋಣೆಯನ್ನು ಮಾತ್ರ, ಬಾಡಿಗೆ ಎಷ್ಟು ಕಡಮೆಯಾದರೂ, ನಾನು ಒಪ್ಪಲಾರೆ.