14 ಸ್ಲೈಡು, ಇಬ್ಬರು ಮಾತುಗಾರರು

ಕ್ಲೈಂಟ್ ಎದುರು ಇಬ್ಬರು ಸೇರಿ ಮಾತಾಡುವಾಗ ‘ಒಂದು ಸ್ಲೈಡು ನಿಮ್ಮದು, ಒಂದು ನನ್ನದು’ ಎಂದು ಹಂಚಿಕೊಳ್ಳುವುದು ನ್ಯಾಯವಾಗಿಯೇ ಕಾಣುತ್ತದೆ. ತೊಡಕು ಶುರುವಾಗುವುದೂ ಅಲ್ಲಿಂದಲೇ.

1973ರಲ್ಲಿ ಮಾಲ್ಕಮ್ ಬ್ರೆನರ್ ಎಂಬ ಸಂಶೋಧಕರು ಕೆಲವರನ್ನು ಕೂರಿಸಿ, ಸರದಿಯಂತೆ ಒಂದೊಂದು ಪದ ಓದಿಸಿದರು. ತಮ್ಮ ಸರದಿಗೆ ಸ್ವಲ್ಪ ಮುಂಚೆ ಬೇರೆಯವರು ಓದಿದ ಪದಗಳೇ ಅವರಿಗೆ ಹೆಚ್ಚಾಗಿ ಮರೆತುಹೋಗಿದ್ದವು. ಸರದಿ ಹತ್ತಿರ ಬಂದಂತೆ ಕಿವಿ ತೆರೆದಿದ್ದರೂ ಗಮನ ತನ್ನ ಮಾತಿನ ಮೇಲಿರುತ್ತದೆ. ಜೊತೆಗಾರ ಆಗಷ್ಟೇ ಹೇಳಿದ್ದನ್ನು ಇನ್ನೊಬ್ಬರು ಮತ್ತೆ ಹೇಳುವುದು ಹೀಗೆಯೇ.

ಒಂದು ಉದಾಹರಣೆ ತೆಗೆದುಕೊಳ್ಳೋಣ. ಬೆಂಗಳೂರಿನಲ್ಲಿ ಪ್ರಾಜೆಕ್ಟ್ ಮ್ಯಾನೇಜರ್, ನ್ಯೂಜೆರ್ಸಿಯಲ್ಲಿ ಆನ್‌ಸೈಟ್ ಎಂಜಿನಿಯರ್. ಗೋದಾಮಿನ ದಾಸ್ತಾನು ನೋಡಿಕೊಳ್ಳುವ ತಂತ್ರಾಂಶದ ಬಗ್ಗೆ 20 ನಿಮಿಷ ಮಾತು, 10 ನಿಮಿಷ ಪ್ರಶ್ನೋತ್ತರ. 14 ಸ್ಲೈಡುಗಳನ್ನು ಒಂದು ಬಿಟ್ಟು ಒಂದರಂತೆ ಹಂಚಿಕೊಂಡರೆ ಮಾತು 13 ಸಲ ಕೈ ಬದಲಾಯಿಸುತ್ತದೆ. ಪ್ರತಿ ಸಲ ಮ್ಯೂಟ್ ತೆಗೆಯಲು, ಗಂಟಲು ಸರಿಮಾಡಿಕೊಳ್ಳಲು 10 ಸೆಕೆಂಡ್ ಹಿಡಿದರೂ ಎರಡು ನಿಮಿಷ ಹೋಯಿತು.

ಅದರ ಬದಲು ವಿಷಯ ನೋಡಿ ಹಂಚಿಕೊಳ್ಳಬಹುದು. ಸಮಸ್ಯೆ ವಿವರಿಸುವ ಮೊದಲ ನಾಲ್ಕು ಸ್ಲೈಡು ಮ್ಯಾನೇಜರ್‌ಗೆ, 5 ನಿಮಿಷ. ತಂತ್ರಾಂಶ ಹೇಗೆ ಕೆಲಸ ಮಾಡುತ್ತದೆ ಎಂಬ ಆರು ಸ್ಲೈಡು ಎಂಜಿನಿಯರ್‌ಗೆ, 9 ನಿಮಿಷ. ವೆಚ್ಚ ಮತ್ತು ಗಡುವಿನ ಕೊನೆಯ ನಾಲ್ಕು ಮತ್ತೆ ಮ್ಯಾನೇಜರ್‌ಗೆ, 6 ನಿಮಿಷ. ಈಗ ಮಾತು ಕೈ ಬದಲಾಯಿಸುವುದು ಎರಡೇ ಸಲ. ಆ ಎರಡೂ ಕಡೆ ಮಾತು ಮುಗಿಸುವವರ ಕೊನೆಯ ವಾಕ್ಯವನ್ನು ಮೊದಲೇ ಬರೆದು ಇಬ್ಬರೂ ಇಟ್ಟುಕೊಂಡರೆ, ಅದು ಕಿವಿಗೆ ಬಿದ್ದ ಕೂಡಲೇ ಇನ್ನೊಬ್ಬರು ಶುರುಮಾಡಬಹುದು.

ರಿಹರ್ಸಲ್‌ಗೆ ಹೊತ್ತು ಹೊಂದಿಸುವುದು ಇನ್ನೊಂದು ಕೆಲಸ. ಅಕ್ಟೋಬರ್‌ನಲ್ಲಿ ಬೆಂಗಳೂರಿನ ಸಂಜೆ 6.30 ಎಂದರೆ ನ್ಯೂಜೆರ್ಸಿಯಲ್ಲಿ ಬೆಳಿಗ್ಗೆ 9. ನವೆಂಬರ್‌ನ ಮೊದಲ ಭಾನುವಾರ ಅಮೆರಿಕದ ಗಡಿಯಾರ ಒಂದು ಗಂಟೆ ಹಿಂದಕ್ಕೆ ಹೋಗುತ್ತದೆ. ಬೆಂಗಳೂರಿನ ಸಂಜೆ 6.30 ಆಗ ಅಲ್ಲಿ ಬೆಳಿಗ್ಗೆ 8. ಆ ಭಾನುವಾರದ ಎರಡೂ ಬದಿಗೆ ರಿಹರ್ಸಲ್ ಬಿದ್ದರೆ ಇನ್ವೈಟ್‌ನಲ್ಲಿ ಎರಡೂ ಊರಿನ ಸಮಯ ಬರೆಯುವುದು ಒಳ್ಳೆಯದು.

ಮೊದಲ ರಿಹರ್ಸಲ್‌ನಲ್ಲಿ ಪ್ರತಿ ಭಾಗಕ್ಕೂ ಗಡಿಯಾರ ಇಡಬೇಕು. ಎಂಜಿನಿಯರ್ ಭಾಗ 9ರ ಬದಲು 13 ನಿಮಿಷ ಹಿಡಿಯಿತು ಎನ್ನಿ. “ಸ್ವಲ್ಪ ಬೇಗ ಬೇಗ ಹೇಳ್ತೀನಿ ಸರ್” ಎಂದರೆ ಕೆಲಸ ಆಗದು. ಕ್ಲೈಂಟ್ ಎದುರು ಮಾತು ಮತ್ತೆ ಹಿಗ್ಗುತ್ತದೆ. ಡೇಟಾಬೇಸ್ ರಚನೆಯ ಎರಡು ಸ್ಲೈಡುಗಳನ್ನು 14ನೆಯದರ ಹಿಂದೆ ಸರಿಸಿ, ಕೇಳಿದರಷ್ಟೇ ತೋರಿಸಬಹುದು.

ಎರಡನೆಯ ರಿಹರ್ಸಲ್ ಅದೇ ವಿಡಿಯೊ ಕರೆಯಲ್ಲಿ, ಅದೇ ಲ್ಯಾಪ್‌ಟಾಪಿನಲ್ಲಿ. ಅಂದು ಇಡೀ ಮಾತು ಬೇಕಿಲ್ಲ. ಆ ಎರಡು ಕೊಂಡಿಗಳನ್ನು ನಾಲ್ಕೈದು ಸಲ ಆಡಿ ನೋಡಿ, ಉಳಿದ ಹೊತ್ತನ್ನು ಪ್ರಶ್ನೆಗಳಿಗೆ ಕೊಡಬಹುದು. ಪ್ರಶ್ನೆಗಳನ್ನೆಲ್ಲ ಮ್ಯಾನೇಜರ್ ಎತ್ತಿಕೊಂಡು, ತಾಂತ್ರಿಕವಾದದ್ದನ್ನು ಹೆಸರು ಹಿಡಿದು ಎಂಜಿನಿಯರ್‌ಗೆ ದಾಟಿಸುತ್ತಾರೆ. ದರದ ಮಾತು ಬಂದರೆ ಎಂಜಿನಿಯರ್ ಉತ್ತರಿಸುವುದಿಲ್ಲ.