ತೆರೆಗೋಡೆಯ ನಿಲುಗಂಬಿಗಳೂ ಉಷ್ಣಸೇತುವೂ

ಕಟ್ಟಡದ ಭಾರವನ್ನು ಹೊರದೆ ಮಹಡಿಗಳ ಅಂಚಿಗೆ ತೂಗುಬಿಟ್ಟಂತೆ ನಿಲ್ಲಿಸಿದ ಗಾಜಿನ ಹೊರಗೋಡೆಗೆ ‘ಕರ್ಟನ್ ವಾಲ್’ ಎಂದು ಹೆಸರು. ನಾವು ಅದನ್ನು ತೆರೆಗೋಡೆ ಎನ್ನಬಹುದು. ಅದರ ಗಾಜುಗಳನ್ನು ಹಿಡಿದಿಡುವ ಅಲ್ಯೂಮಿನಿಯಮಿನ ನಿಲುಗಂಬಿಯೇ ‘ಮಲಿಯನ್’. ಈ ಕಂಬಿ ಗೋಡೆಯ ಮೈಯಲ್ಲಿ ಅತ್ಯಲ್ಪ ಸ್ಥಳವನ್ನು ಆಕ್ರಮಿಸಿದರೂ ಶೀತದೇಶಗಳಲ್ಲಿ ಒಳಗಿನ ಶಾಖವು ಹೊರಹೋಗಲು ಸೇತುವೆಯಂತೆ ವರ್ತಿಸುವುದು. ಆ ಉಷ್ಣಸೇತುವನ್ನು ಅಳೆಯುವ ಕ್ರಮವೂ, ಅದನ್ನು ಮರೆತರೆ ಲೆಕ್ಕವು ಎಷ್ಟು ತಪ್ಪುವುದೆಂಬುದೂ ಈ ಲೇಖನದ ವಿಷಯ.

ಗೋಡೆಯ ಒಂದು ಚದರ ಮೀಟರಿನ ಮೂಲಕ, ಒಳಹೊರಗಿನ ಒಂದು ಡಿಗ್ರಿ ಅಂತರಕ್ಕೆ, ಎಷ್ಟು ವಾಟ್ ಶಾಖವು ಹಾದುಹೋಗುವುದೋ ಅದು U ಮೌಲ್ಯ. ಗಾಜಿಗೊಂದು, ಕಂಬಿಗೊಂದು U ಇರುವುದು. ಇವೆರಡನ್ನೂ ಅವುಗಳ ವಿಸ್ತೀರ್ಣಗಳಿಂದ ಗುಣಿಸಿ ಕೂಡಿಸಿದರೆ ಸಾಕೆಂದು ಮೊದಲು ತೋರುವುದು ಸಹಜ. ಆದರೆ ಕಂಬಿಯ U ಅನ್ನು ಗಣಿಸುವಾಗ ಗಾಜಿನ ಬದಲು ಶಾಖನಿರೋಧಕವಾದ ಹಲಗೆಯೊಂದನ್ನು ಇಟ್ಟಂತೆ ಭಾವಿಸುವುದು ಪದ್ಧತಿ. ನಿಜವಾದ ಗೋಡೆಯಲ್ಲಾದರೋ, ಜೋಡಿಗಾಜಿನ ಅಂಚಿನಲ್ಲಿ ಎರಡು ಹಾಳೆಗಳನ್ನು ಬೇರ್ಪಡಿಸುವ ‘ಸ್ಪೇಸರ್’ ಎಂಬ ಲೋಹಪಟ್ಟಿಯಿದೆ. ಗಾಜಿನ ಉಷ್ಣವಾಹಕತೆ 1 ಆದರೆ ಅಲ್ಯೂಮಿನಿಯಮಿನದು 160. ಆದುದರಿಂದ ಅಂಚಿನುದ್ದಕ್ಕೂ ಶಾಖವು ಹೆಚ್ಚಾಗಿ ಸೋರುವುದು. ಈ ಸೋರಿಕೆಯು ವಿಸ್ತೀರ್ಣಕ್ಕೆ ಸೇರಿದುದಲ್ಲ, ಉದ್ದಕ್ಕೆ ಸೇರಿದುದು. ಆದಕಾರಣವೇ ಅದಕ್ಕೆ ರೇಖೀಯ ಉಷ್ಣಪಾರಗಮ್ಯತೆ ಎಂಬ ಹೆಸರೂ Ψ ಎಂಬ ಗ್ರೀಕ್ ಅಕ್ಷರವೂ ಬಂದಿವೆ.

Ψ ಅನ್ನು ಪಡೆಯುವ ಬಗೆ ಹೀಗೆ. ಕಂಬಿಯ ಅಡ್ಡಕೊಯ್ತವನ್ನು ಎರಡು ಪಕ್ಕಗಳಲ್ಲಿಯೂ 190 ಮಿ.ಮೀ. ಗಾಜಿನೊಡನೆ ಗಣಕಯಂತ್ರದಲ್ಲಿ ಚಿತ್ರಿಸಿ, ಒಂದು ಮೀಟರ್ ಎತ್ತರಕ್ಕೆ ಹರಿಯುವ ಒಟ್ಟು ಶಾಖವನ್ನು ಕಂಡುಹಿಡಿಯುವರು. ದೃಷ್ಟಾಂತಕ್ಕಾಗಿ, 50 ಮಿ.ಮೀ. ಅಗಲದ ಕಂಬಿಯ U 2.2, ಗಾಜಿನ U 1.1, ಒಟ್ಟು ಶಾಖವು ಡಿಗ್ರಿಗೆ 0.868 ವಾಟ್ ಎಂದಿಟ್ಟುಕೊಳ್ಳೋಣ. ಕಂಬಿಯ ಪಾಲು 0.110, ಎರಡು ಗಾಜುಗಳ ಪಾಲು 0.418. ಇವನ್ನು ಕಳೆದರೆ 0.340 ಉಳಿಯುವುದು. ಅಂಚುಗಳು ಎರಡಾದುದರಿಂದ ಒಂದೊಂದಕ್ಕೆ Ψ = 0.17.

ಈಗ ಇಡೀ ಗೋಡೆಯನ್ನು ನೋಡೋಣ. 1.5 ಮೀಟರ್ ಅಗಲ, 3.5 ಮೀಟರ್ ಎತ್ತರದ ಘಟಕವೊಂದರಲ್ಲಿ ಒಂದು ನಿಲುಗಂಬಿ, ಅದೇ ಅಗಲದ ಒಂದು ಅಡ್ಡಪಟ್ಟಿ, ಉಳಿದುದು ಗಾಜು. ಅಡ್ಡಪಟ್ಟಿಗೂ ಅವೇ U ಮತ್ತು Ψ ಎಂದಿಟ್ಟುಕೊಳ್ಳೋಣ. ಲೋಹದ ವಿಸ್ತೀರ್ಣ 0.2475 ಚದರ ಮೀಟರ್, ಎಂದರೆ ನೂರಕ್ಕೆ ಐದಕ್ಕೂ ಕಡಿಮೆ. ಗಾಜು 5.0025 ಚದರ ಮೀಟರ್; ಅದರ ಅಂಚಿನ ಸುತ್ತಳತೆ 9.8 ಮೀಟರ್.

U = (5.0025×1.1 + 0.2475×2.2 + 9.8×0.17) ÷ 5.25 = 1.47

ಅಂಚಿನ ಪದವನ್ನು ಬಿಟ್ಟಿದ್ದರೆ ಉತ್ತರವು 1.15 ಎಂದಾಗುತ್ತಿತ್ತು. ನಿಜವು ಇದಕ್ಕಿಂತ ನೂರಕ್ಕೆ ಸುಮಾರು 28 ಅಧಿಕ. ಸ್ಪೇಸರನ್ನು ಮಾತ್ರ ಬದಲಿಸಿ Ψ ಅನ್ನು 0.11ಕ್ಕೆ ಇಳಿಸಿದರೆ U 1.36 ಆಗುವುದು, ಗಾಜಿನ U ಅನ್ನು 1.0ಕ್ಕೆ ಇಳಿಸಿದರೆ ದೊರೆಯುವುದು 1.37. ಎರಡರ ಫಲವೂ ಹೆಚ್ಚುಕಡಮೆ ಒಂದೇ.

ಇನ್ನೊಂದು ಸಂಗತಿಯನ್ನು ವಾಚಕರು ಗಮನಿಸತಕ್ಕದ್ದು. ಅದೇ ಘಟಕದ ನಡುವೆ ಅಂತಹದೇ ಮತ್ತೊಂದು ನಿಲುಗಂಬಿಯನ್ನು ಇಟ್ಟರೆ ಅಂಚಿನ ಉದ್ದವು 16.6 ಮೀಟರಿಗೆ ಬೆಳೆದು U 1.73 ಆಗುವುದು. ಗಾಜೂ ಅದೇ, ಲೋಹವೂ ಅದೇ. ವಿಭಾಗಕ್ರಮವು ಮಾತ್ರ ಬೇರೆ. ಆದಕಾರಣ ತಯಾರಕರು ಒಂದು ಘಟಕಕ್ಕೆ ಕೊಟ್ಟ U ಮೌಲ್ಯವನ್ನು ಬೇರೆ ಅಳತೆಯ ಘಟಕಕ್ಕೆ ಹಚ್ಚುವುದು ಸಲ್ಲದು.

ಈ ಕ್ರಮಕ್ಕೆ ಮಿತಿಗಳೂ ಉಂಟು. ಮೊದಲನೆಯದು, ಕಂಬಿಯ ಒಳಹೊರಭಾಗಗಳನ್ನು ಬೇರ್ಪಡಿಸುವ ಪ್ಲಾಸ್ಟಿಕ್ ತುಂಡನ್ನು ತೂರಿಕೊಂಡು ಹೋಗುವ ಉಕ್ಕಿನ ತಿರುಪುಗಳು ಅಡ್ಡಕೊಯ್ತದ ಚಿತ್ರದಲ್ಲಿ ಕಾಣಿಸುವುದಿಲ್ಲ. ಅವುಗಳ ಸೋರಿಕೆಯನ್ನು ತ್ರಿಮಾನ ಗಣನೆಯಿಂದಲೋ ಅಳತೆಯಿಂದಲೋ ಬೇರೆಯಾಗಿ ಸೇರಿಸಬೇಕು. ಎರಡನೆಯದು, ಅಂಚಿನ ಪರಿಣಾಮವನ್ನು ಆಗಲೇ ಒಳಗೊಂಡ ಕಂಬಿಯ ಮೌಲ್ಯಕ್ಕೆ ಮತ್ತೆ Ψ ಅನ್ನು ಕೂಡಿಸಿದರೆ ಒಂದೇ ಸೋರಿಕೆಯನ್ನು ಎರಡು ಸಾರಿ ಎಣಿಸಿದಂತಾಗುವುದು. ಆದುದರಿಂದ ವರದಿಯನ್ನು ಓದುವವನು ಕಂಬಿಯ U ಯಾವ ಪದ್ಧತಿಯಿಂದ ಬಂದಿತೆಂಬುದನ್ನು ಮೊದಲು ವಿಚಾರಿಸಬೇಕು.

ಕಟ್ಟಿದ ಗೋಡೆಯಲ್ಲಿ ದುರ್ಬಲವಾದ ಅಂಚು ತನ್ನ ಗುರುತನ್ನು ತಾನೇ ತೋರುವುದು. ಚಳಿಗಾಲದ ಬೆಳಗಿನಲ್ಲಿ ಗಾಜಿನ ನಡುಭಾಗವು ಒಣಗಿದ್ದು, ಒಳಮೈಯ ಕೆಳಅಂಚಿನಲ್ಲಿ ಮಾತ್ರ ನೀರಹನಿಗಳು ಸಾಲಾಗಿ ಕೂಡಿದ್ದರೆ, ಅಲ್ಲಿ ಲೆಕ್ಕಕ್ಕೆ ಬಾರದ ಸೇತುವೆಯೊಂದಿದೆಯೇ ಎಂದು ಪರೀಕ್ಷಿಸಲು ಅದೇ ಸಾಕಾದ ಕಾರಣ.