ಬಾಗ್ದಾದ್‌ನಲ್ಲಿ ವೈದ್ಯರಿಗೆ ಪರೀಕ್ಷೆ

931ರಲ್ಲಿ ಬಾಗ್ದಾದ್‌ನ ವೈದ್ಯನೊಬ್ಬನ ತಪ್ಪಿನಿಂದ ರೋಗಿ ಸತ್ತ ಸುದ್ದಿ ಖಲೀಫ ಅಲ್-ಮುಕ್ತದಿರ್‌ನ ಕಿವಿಗೆ ಬಿತ್ತು. ಆಸ್ಥಾನವೈದ್ಯ ಸಿನಾನ್ ಇಬ್ನ್ ಸಾಬಿತ್ ಪರೀಕ್ಷಿಸಿ ಒಪ್ಪಿದ ಹೊರತು ಯಾರೂ ಚಿಕಿತ್ಸೆ ಮಾಡಕೂಡದೆಂದು ಆಜ್ಞೆಯಾಯಿತು. ಎಂಟುನೂರಕ್ಕೂ ಹೆಚ್ಚು ಮಂದಿ ಬಂದರು. ಹೆಸರಾಂತ ವೈದ್ಯರಿಗೆ ವಿನಾಯಿತಿಯಿತ್ತು. ಒಬ್ಬೊಬ್ಬರಿಗೂ ಅವರವರ ತಿಳಿವಳಿಕೆಗೆ ತಕ್ಕಷ್ಟೇ ಅನುಮತಿ ಸಿಕ್ಕಿತು.

ಈ ಜರಡಿ ಅಷ್ಟೇನೂ ಸಣ್ಣದಾಗಿರಲಿಲ್ಲ. ಅರಬ್ಬೀ ಚರಿತ್ರಕಾರರು ಹೇಳುವಂತೆ, ಠೀವಿಯ ಉಡುಪಿನ ಮುದುಕನೊಬ್ಬ ಸಿನಾನನ ಮುಂದೆ ನಾಣ್ಯಗಳನ್ನಿಟ್ಟು, ತನಗೆ ಓದುಬರಹ ಬಾರದೆಂದು ಒಪ್ಪಿಕೊಂಡ. ಗೊತ್ತಿಲ್ಲದ ರೋಗಕ್ಕೆ ಕೈಹಾಕಬಾರದು, ಸಣ್ಣಪುಟ್ಟ ಕಾಯಿಲೆಗಲ್ಲದೆ ರಕ್ತ ತೆಗೆಯುವುದಾಗಲಿ ಭೇದಿಮದ್ದಾಗಲಿ ಕೂಡದು ಎಂಬ ಷರತ್ತಿನ ಮೇಲೆ ಸಿನಾನ್ ಅವನನ್ನು ಬಿಟ್ಟ. ತಾನು ಪಾನಕಗಳನ್ನು ದಾಟಿ ಹೋದದ್ದೇ ಇಲ್ಲವೆಂದ ಮುದುಕ. ಮರುದಿನ ಬಂದ ತರುಣ ಅವನ ಮಗ. ಕಲಿತದ್ದೂ ಅಪ್ಪನ ಬಳಿಯೇ. ಅವನಿಗೂ ಅದೇ ಷರತ್ತು ಬಿತ್ತು.